ದಿಂಬಿನ ಮೇಲೆ ಬಿದ್ದ ಬೂದಿ

ಫೋನು ಬಂದಾಗ ನಾನು ಅಂಗಡಿಯಲ್ಲಿ ಕೂತು, ಒಂದೇ ಡಬ್ಬಿಗೆ ಸೇರಿಹೋಗಿದ್ದ ಎರಡು ಅಳತೆಯ ಸ್ಕ್ರೂಗಳನ್ನು ಬೇರೆ ಮಾಡುತ್ತಿದ್ದೆ. ಕೊಪ್ಪದ ಬಸ್ ಸ್ಟ್ಯಾಂಡಿನಿಂದ ಸ್ವಲ್ಪ ಕೆಳಗೆ ನಮ್ಮ ಎಲೆಕ್ಟ್ರಿಕಲ್ ಅಂಗಡಿ. ನಮ್ಮನೆಯವರು ವೈರಿಂಗ್ ಕೆಲಸ ಮಾಡುತ್ತಾರೆ. ನಾನು ಅಂಗಡಿ ನೋಡಿಕೊಳ್ಳುತ್ತೇನೆ. ಏಣಿ ಹಿಡಿಯುವ ಕೆಲಸವಿದ್ದರೆ ಬೀಗ ಹಾಕಿ ಅವರ ಜೊತೆ ಹೋಗುತ್ತೇನೆ. ಮದುವೆಯಾದಾಗಿನಿಂದ ಹೀಗೆಯೇ. ಬೇರೆ ಹೆಂಗಸರು ಒಂದು ಮನೆಗೆ ಹೋದರೆ ಅಡುಗೆಮನೆ ನೋಡುತ್ತಾರೆ, ನಾನು ಸೀಲಿಂಗ್ ನೋಡುತ್ತೇನೆ ಎಂದು ನನ್ನ ತಂಗಿ ಆಡಿಕೊಳ್ಳುವುದುಂಟು.

ಫೋನಿನಲ್ಲಿ ಹೆಣ್ಣುದನಿ. ಪಕ್ಕದಲ್ಲಿ ಯಾರೋ ಮಲಗಿದ್ದಾರೇನೋ ಎನ್ನುವಷ್ಟು ಮೆಲ್ಲಗೆ.

"ಅಕ್ಕ, ನಿಮ್ಮಲ್ಲಿ ದೊಡ್ಡ ದೀಪ ತೂಗುಹಾಕುವವರು ಇದ್ದಾರಂತೆ ಅಲ್ದಾ?"

"ಇದ್ದಾರೆ. ಹೊಸ ದೀಪನಾ?"

"ಹಾಕಿ ಆಗಿದೆ ಅಕ್ಕ. ಅದು ತಿರುಗ್ತಾ ಇದೆ."

ಗಾಳಿಗೆ ತಿರುಗುತ್ತಿರಬಹುದು ಎಂದೆ. ಅವಳು ದನಿ ಇನ್ನೂ ತಗ್ಗಿಸಿ, "ಅದರ ಕೆಳಗೇ ನಾನು ಮಲಗುದು. ಸುಮ್ನೆ ಬಂದು ನೋಡಿ ಹೋಗಿ. ನಾನು ಕರೆದೆ ಅಂತ ಹೇಳ್ಬೇಡಿ" ಎಂದಳು. ಮನೆ ಎನ್.ಆರ್.ಪುರದಲ್ಲಿ, ಹೊಸ ಬಡಾವಣೆಯ ಕೊನೆಗೆ ಎಂದು ಗುರುತು ಹೇಳಿ ಇಟ್ಟುಬಿಟ್ಟಳು.

ಊಟದ ಹೊತ್ತಿಗೆ ಬಂದ ನಮ್ಮನೆಯವರಿಗೆ ಹೇಳಿದೆ. ಅವರು ನಕ್ಕರು. "ದೀಪ ತಿರುಗಿದ್ರೆ ಭೂಮಿನೂ ತಿರುಗ್ತದೆ ಮಾರಾಯ್ತಿ. ಅದಕ್ಕೆಲ್ಲ ನಾನು ಎಂತ ಮಾಡ್ಲಿ?" ಆದರೂ ಮಾರನೆಯ ದಿನ ಅದೇ ಕಡೆ ಒಂದು ಮೋಟರಿನ ಕೆಲಸವಿತ್ತು. ಅದನ್ನು ಮುಗಿಸಿಕೊಂಡು ಆ ಮನೆಗೆ ಹೋದೆವು.

ಬಾಗಿಲು ತೆಗೆದವರು ಫೋನು ಮಾಡಿದವಳ ಅತ್ತೆ. ಅರವತ್ತು ದಾಟಿದ, ಬಿಗಿಯಾಗಿ ಸೆರಗು ಸಿಕ್ಕಿಸಿದ ಹೆಂಗಸು. ಈ ಕಡೆ ಬಂದಿದ್ದೆವು, ನಿಮ್ಮನೆಯಲ್ಲಿ ದೊಡ್ಡ ಶಾಂಡ್ಲಿಯರ್ ಇದೆ ಅಂತ ಕೇಳಿದೆವು, ಒಂದು ಸಲ ನೋಡಬಹುದಾ ಎಂದು ನಾನೇ ಸುಳ್ಳು ಪೋಣಿಸಿದೆ. ಅವರಿಗೆ ಖುಷಿಯೇ ಆಯಿತು. "ಬನ್ನಿ, ನೋಡ್ಲಿಕ್ಕೆ ಜನ ಬರ್ತಾನೇ ಇರ್ತಾರೆ" ಎಂದರು.

ಹಾಲು ದೊಡ್ಡದು, ಎರಡು ಕಡೆ ಕಿಟಕಿ, ಹೊಳೆಯುವ ಟೈಲ್ಸು. ನಡುವೆ ದೀಪ. ಹಿತ್ತಾಳೆಯ ಮೈ, ಎಂಟು ಕೈಗಳು, ಒಂದೊಂದು ಕೈಯಿಂದಲೂ ಇಳಿಬಿದ್ದ ಗಾಜಿನ ಹನಿಗಳು. ಮಗನಿಗೆ ಬಾಳೆಹೊನ್ನೂರಿನಲ್ಲಿ ಹಾರ್ಡ್‌ವೇರ್ ಅಂಗಡಿಯಂತೆ. ಎಲ್ಲೋ ಒಂದು ಹಳೇ ಲಾಡ್ಜ್ ಒಡೆಯುವಾಗ ಈ ದೀಪ ತಂದನಂತೆ. ಇಬ್ಬರು ಹೊತ್ತುಕೊಂಡು ಬಂದರಂತೆ. ಅತ್ತೆ ಅದಕ್ಕೆ ಶಾಂಡ್ಲಿಯರ್ ಅನ್ನುತ್ತಿರಲಿಲ್ಲ, ದೀಪದ ಗೊನೆ ಅನ್ನುತ್ತಿದ್ದರು.

ಆ ಗೊನೆಯ ನೇರ ಕೆಳಗೆ ಒಂದು ದಿವಾನ. ದಿವಾನದ ಮೇಲೆ, ಎಡಕ್ಕೆ ಹೊರಳಿ ಮಲಗಿದ್ದ ಬಸುರಿ ಹುಡುಗಿ. ಫೋನು ಮಾಡಿದವಳು ಇವಳೇ ಎಂದು ಕಣ್ಣಿನಿಂದಲೇ ಗೊತ್ತಾಯಿತು. ಅವಳು ನಮ್ಮನ್ನು ನೋಡಲಿಲ್ಲ. ಮೇಲೆ ನೋಡಿದಳು.

ಏಳನೇ ತಿಂಗಳು. ಮೊದಲನೆಯದು ಆರಕ್ಕೇ ಹೋಗಿತ್ತಂತೆ. ಈ ಸಲ ಡಾಕ್ಟರು ಪೂರ್ತಿ ಮಲಗಿರಬೇಕು ಎಂದಿದ್ದಾರೆ, ಮೆಟ್ಟಿಲು ಹತ್ತುವ ಹಾಗಿಲ್ಲ, ಇವರ ಕೋಣೆ ಮಹಡಿಯಲ್ಲಿ. ಕೆಳಗಿನ ಅತ್ತೆಯ ಕೋಣೆ ಸಣ್ಣದು. ಅದಕ್ಕೆ ಹಾಲಿನಲ್ಲಿ ಹಾಸಿಗೆ. ಅಡುಗೆಮನೆಯಿಂದ ಕತ್ತು ಚಾಚಿದರೆ ಕಾಣುತ್ತಾಳೆ. ಇದನ್ನೆಲ್ಲ ಅತ್ತೆ, ಕಾಫಿ ತರುವುದರೊಳಗೆ, ಹೋಗುತ್ತ ಬರುತ್ತ ಹೇಳಿದರು. ಹಗಲು ರಾತ್ರಿ ಮಲಗಿರುವವರಿಗೆ ಸೀಲಿಂಗ್ ಬಿಟ್ಟರೆ ನೋಡಲು ಬೇರೇನಿದೆ? ಆ ಮನೆಯಲ್ಲಿ ದೀಪವನ್ನು ನಿಜವಾಗಿ ನೋಡುತ್ತಿದ್ದವಳು ಅವಳೊಬ್ಬಳೇ.

ನಾನು ನೋಡಿದಾಗ ದೀಪ ನಿಂತಲ್ಲೇ ನಿಂತಿತ್ತು. ಒಂದು ಹನಿಯೂ ಅಲುಗಲಿಲ್ಲ.

"ತಿರುಗ್ತದೆ ಅಂತಾಳೆ ನಮ್ಮ ಕೂಸು" ಎಂದು ಅತ್ತೆಯೇ ಸೊಸೆಯ ಕಡೆ ನೋಡಿ ಮಾತು ತೆಗೆದರು. "ನಾನು ಹೇಳ್ದೆ, ದೀಪ ತಿರುಗುದಲ್ಲ, ಊಟ ಸೇರದೆ ನಿನ್ನ ತಲೆ ತಿರುಗುದು ಅಂತ."

ನಮ್ಮನೆಯವರು ನಕ್ಕರು. "ಅಷ್ಟು ದೊಡ್ಡ ಗೊನೆ, ಸ್ವಲ್ಪ ಆಚೆ ಈಚೆ ಆಡ್ತದೆ ಬಿಡಿ."

"ಆಚೆ ಈಚೆ ಅಲ್ಲ" ಎಂದಳು ಹುಡುಗಿ. ದನಿ ಗೋಡೆಗೆ ಹೇಳಿದಂತಿತ್ತು. "ಒಂದೇ ಕಡೆ ಹೋಗ್ತದೆ. ವಾಪಸ್ ಬರುದಿಲ್ಲ. ಆ ಒಡೆದ ಹನಿ ಕಾಣ್ತದಲ್ಲ, ಅದು ಸಂಕ್ರಾಂತಿಗೆ ದೇವರ ಕೋಣೆ ಎದುರು ಇತ್ತು. ಆಮೇಲೆ ಟಿವಿ ಎದುರು ಬಂತು. ಈಗ ಹೊರಬಾಗಿಲಿಗೆ ಬಂದಿದೆ. ಗಡಿಯಾರದ ಉಲ್ಟಾ."

ಒಡೆದ ಹನಿ ನಿಜಕ್ಕೂ ಹೊರಬಾಗಿಲ ಕಡೆಗಿತ್ತು, ನಮ್ಮ ಚಪ್ಪಲಿಗಳ ನೇರಕ್ಕೆ.

ನಮ್ಮನೆಯವರ ನಗು ಅಲ್ಲೇ ನಿಂತಿತು. ತೂಗುವ ವಸ್ತು ಅಲುಗಿದರೆ ಮರಳಿ ಬರಬೇಕು. ಬರದಿದ್ದರೆ ಮೇಲೆ ಎಲ್ಲೋ ಏನೋ ಬಿಚ್ಚಿಕೊಳ್ಳುತ್ತಿದೆ. ಇಷ್ಟು ನನಗೂ ಗೊತ್ತು. ಅವರು ಚೀಲದಿಂದ ಕರೀ ದಾರ ತೆಗೆದು, ಒಡೆದ ಹನಿಯಿದ್ದ ಕೈಗೆ ಕಟ್ಟಿ, ತುದಿಗೊಂದು ನಟ್ ಪೋಣಿಸಿ ಇಳಿಬಿಟ್ಟರು. ನಟ್ಟಿನ ಮೊನೆ ಎರಡು ಟೈಲ್ಸಿನ ನಡುವಿನ ಗೆರೆಯ ನೇರಕ್ಕೆ ಬರುವ ಹಾಗೆ. "ಒಂದು ಗಂಟೆ ನೋಡುವ. ಕೂಸು ಅಷ್ಟರ ತನಕ ಊಟದ ಮೇಜಿನ ಹತ್ರ ಕೂರ್ಲಿ" ಎಂದರು.

"ದೃಷ್ಟಿ ದಾರದ ಹಾಗೆ ಕಾಣ್ತದೆ" ಎಂದರು ಅತ್ತೆ. ಬೇಜಾರಿನಿಂದಲ್ಲ, ಒಪ್ಪಿಗೆಯಿಂದಲೇ.

ನಾವು ಕಾಫಿ ಕುಡಿಯುತ್ತ ದಾರವನ್ನೇ ನೋಡುತ್ತಿದ್ದೆವು. ಅಲುಗಲಿಲ್ಲ. ಅಲಮಾರಿನ ಮೇಲೆ ಹುಡುಗಿಗಾಗಿ ಇಟ್ಟಿದ್ದ ಟೇಬಲ್ ಫ್ಯಾನ್ ಒಂದೇ ಸಮನೆ ಗುಯ್ಯೆನ್ನುತ್ತಿತ್ತು. ಅತ್ತೆ ಮಾತಾಡುತ್ತ ಹೋದರು, ಮುಂದಿನ ವಾರ ಸೀಮಂತ, ಈ ಗೊನೆಯ ಕೆಳಗೇ ಮಣೆ ಹಾಕಿ ಕೂರಿಸುವುದು ಎಂದರು. ಯಾಕೆ ಇಲ್ಲೇ ಎಂದರೆ ಅದಕ್ಕೊಂದು ಕಾರಣವಿತ್ತು. ಒಳಗೆ ಹೋಗಿ ಸಣ್ಣ ಬೆಳ್ಳಿ ಭರಣಿ ತಂದರು.

"ಯಾರ ಹತ್ರಾನೂ ಹೇಳುದಿಲ್ಲ. ನಿಮಗೆ ಹೇಳ್ತೆ. ಶೃಂಗೇರಿಗೆ ಹೋಗಿ ಅಮ್ಮನ ಎದುರು ಹರಕೆ ಹೊತ್ತು ಬಂದೆ, ಈ ಜೀವ ಒಂದು ಉಳಿಸಿ ಕೊಡು ಅಂತ. ಬಂದ ವಾರಕ್ಕೇ ಇವಳ ದಿಂಬಿನ ಮೇಲೆ ಬೂದಿ ಬೀಳ್ಲಿಕ್ಕೆ ಶುರು. ದಿನಾ ಬೆಳಿಗ್ಗೆ, ಒಂದು ಚಿಟಿಕೆ. ಮೇಲೆ ನೋಡಿದ್ರೆ ಏನೂ ಇಲ್ಲ. ನಾನು ಗುಡಿಸ್ಲಿಲ್ಲ, ಸೆರಗಲ್ಲಿ ತೆಗೆದು ಇದರಲ್ಲಿ ಹಾಕಿಟ್ಟೆ. ದಿನಾ ಸ್ನಾನ ಆದ ಮೇಲೆ ಇವಳ ಹಣೆಗೆ ಇಡ್ತೆ."

ಭರಣಿ ಮುಕ್ಕಾಲು ತುಂಬಿತ್ತು. ಬೂದುಬಿಳಿಯ ಪುಡಿ. ನಾನು ಕೈಯೊಡ್ಡಿದೆ, ಪ್ರಸಾದ ಕೊಡುವಂತೆ ಒಂದು ಚಿಟಿಕೆ ಹಾಕಿದರು. ವಿಭೂತಿ ಬೆರಳಿಗೆ ಹತ್ತಿದರೆ ಜಾರುತ್ತದೆ. ಇದು ಜಾರಲಿಲ್ಲ, ಉಗುರಿನ ಸಂದಿಯಲ್ಲಿ ಕಿರಗುಟ್ಟಿತು. ಮರಳು. ಅದರೊಳಗೆ ಕೂದಲಿಗಿಂತ ಸ್ವಲ್ಪ ದಪ್ಪದ ಒಂದು ಕಂದು ನಾರು.

ನಾನು ನಮ್ಮನೆಯವರ ಕಡೆ ನೋಡಿದೆ. ಅವರು ದಾರದ ಕಡೆ ನೋಡುತ್ತಿದ್ದರು. ನಾವೆಲ್ಲ ಭರಣಿಗೆ ತಿರುಗಿಕೊಂಡಿದ್ದ ಆ ಹೊತ್ತಿನಲ್ಲಿ ನಟ್ಟು ಗೆರೆ ಬಿಟ್ಟು ಒಂದು ಬೆರಳಿನಷ್ಟು ಆಚೆ ಹೋಗಿತ್ತು. ಅದು ಹೋದದ್ದನ್ನು ಯಾರೂ ನೋಡಲಿಲ್ಲ. ಈಗ ಮತ್ತೆ ಸ್ತಬ್ಧ.

"ಅವಳು ಹೇಳಿದ್ದು ಹೌದು" ಎಂದರು ಅವರು. ಹುಡುಗಿ ಊಟದ ಮೇಜಿನ ಬಳಿ ಕಣ್ಣು ಮುಚ್ಚಿಕೊಂಡಳು.

ಅತ್ತೆ ಮಾತ್ರ ಬಗ್ಗಿ ನಟ್ಟನ್ನು ನೋಡಿ, ಕೈ ಜೋಡಿಸಿದರು. ಅವರ ಮುಖದಲ್ಲಿ ಹೆದರಿಕೆಯಿರಲಿಲ್ಲ. ಅದನ್ನು ನೋಡಿ ನನಗೆ ಹೆದರಿಕೆಯಾಯಿತು. "ಹಾಗಾದ್ರೆ ಇದೂ ಹೌದು" ಎಂದರು ಭರಣಿ ಎದೆಗೊತ್ತಿಕೊಂಡು. ದೀಪಕ್ಕೆ ಕೈ ಹಚ್ಚುವುದು ಬೇಡ, ಅದು ತಿರುಗಲಿ, ಬೂದಿ ನಿಂತರೆ ಗತಿಯೇನು ಎಂದು ಹಟ ಹಿಡಿದರು. ಮರಳು ಎಂಬ ಮಾತು ನನ್ನ ಬಾಯಿಗೆ ಬಂದಿತ್ತು. ಆದರೆ ಒಂದು ಜೀವ ಹೋದ ಮನೆಯಲ್ಲಿ, ಇನ್ನೊಂದರ ಮೇಲಿನ ಆಸೆಯನ್ನೇ ಭರಣಿಯಲ್ಲಿ ಹಿಡಿದುಕೊಂಡವರಿಗೆ ಅದನ್ನು ಹೇಗೆ ಹೇಳುವುದು? "ಕೈ ಹಚ್ಚುದಿಲ್ಲ ಅಮ್ಮ. ಇವರು ಏಣಿ ಹತ್ತಿ ನೋಡ್ತಾರೆ, ಅಷ್ಟೇ. ಬೇಕಾದ್ರೆ ನೀವೂ ಪಕ್ಕದಲ್ಲಿ ನಿಂತ್ಕೊಳ್ಳಿ" ಎಂದೆ.

ದೀಪಕ್ಕೆ ತಾಗದಂತೆ ಬದಿಗೆ ಏಣಿ ಇಟ್ಟು ನಾನು ಹಿಡಿದೆ. ಅವರು ಹತ್ತಿದರು. ಇಂಥ ದೀಪದ ಪೈಪಿನ ಮೇಲ್ತುದಿಯಲ್ಲಿ ಒಂದು ಹಿತ್ತಾಳೆ ಕಪ್ಪು ಇರುತ್ತದೆ, ಬೋರಲು ಹಾಕಿದ ಬಟ್ಟಲಿನ ಹಾಗೆ. ಮೇಲಿನ ಹುಕ್ಕು, ವೈರು ಎಲ್ಲವನ್ನೂ ಮುಚ್ಚಿ ಅದು ಸೀಲಿಂಗಿಗೆ ಅಂಟಿಕೊಂಡು ಕೂರಬೇಕು. ಇಲ್ಲಿ ಅಂಟಿರಲಿಲ್ಲ. ಬೆರಳು ತೂರುವಷ್ಟು ಕತ್ತಲ ಸಂದಿ. ಕೆಳಗೆ ನಿಂತವರಿಗೆ ಕಾಣದು. ಮಲಗಿದವರಿಗೂ ಕಾಣದು. ಅವರು ಟಾರ್ಚು ಹಾಕಿ ಸಂದಿಯಲ್ಲಿ ಕಣ್ಣಿಟ್ಟರು. ಬಹಳ ಹೊತ್ತು ನೋಡಿದರು. ಸಾಮಾನ್ಯವಾಗಿ ಏಣಿಯ ಮೇಲೆ ಅವರು ಬಯ್ಯುತ್ತಾರೆ, ಹಿಂದಿನ ಕೆಲಸಗಾರನ ವಂಶವನ್ನೆಲ್ಲ ನೆನೆಯುತ್ತಾರೆ. ಅವತ್ತು ಒಂದು ಮಾತೂ ಇಲ್ಲ. ಇಳಿಯುವಾಗ ಮೆಟ್ಟಿಲಿನ ಮೇಲೆ ಕಾಲಿಡುವ ಸದ್ದೂ ಆಗದ ಹಾಗೆ ಇಳಿದರು.

"ಫ್ಯಾನ್ ಆಫ್ ಮಾಡು" ಎಂದರು ನನಗೆ, ಮೆಲ್ಲಗೆ. "ಇದರ ಕೆಳಗೆ ಯಾರೂ ಹೋಗ್ಬೇಡಿ."

"ಎಂತ ಕಂಡ್ತು?" ಎಂದರು ಅತ್ತೆ.

"ಅಮ್ಮ, ಅದು ಹುಕ್ಕಿನ ಮೇಲೆ ಇಲ್ಲ. ವೈರಿನ ಮೇಲೆ ಇದೆ."

ಆಮೇಲಿನದೆಲ್ಲ ಪಿಸುಮಾತಿನಲ್ಲೇ ನಡೆಯಿತು. ದನಿ ಎತ್ತಿದರೆ ಬೀಳುತ್ತದೆ ಎನ್ನುವಂತೆ. ಮಗನಿಗೆ ಫೋನು ಮಾಡಿದೆವು, ಅವನು ಬಾಳೆಹೊನ್ನೂರಿನಿಂದ ಬಂದ. ದಿವಾನವನ್ನು ಕಾಲು ಹಿಡಿದು ದೂರದಿಂದಲೇ ಎಳೆದೆವು. ಊಟದ ಮೇಜನ್ನು ಬದಿಯಿಂದ ದೀಪದ ಕೆಳಗೆ ತಳ್ಳಿ, ಅದರ ಮೇಲೆ ಮರದ ಪೆಟ್ಟಿಗೆ, ಪೆಟ್ಟಿಗೆಯ ಮೇಲೆ ಮನೆಯಲ್ಲಿದ್ದ ಹಾಸಿಗೆಗಳನ್ನೆಲ್ಲ ಕೋಲಿನಿಂದ ದೂಡಿ ದೂಡಿ ಪೇರಿಸಿ, ದೀಪದ ತಳ ಹಾಸಿಗೆಗೆ ತಾಗುವ ತನಕ ಏರಿಸಿದೆವು. ಮೇನ್ ಆಫ್ ಮಾಡಿ, ಟೆಸ್ಟರ್ ಹಚ್ಚಿ ನೋಡಿ, ಅವರು ಮತ್ತೆ ಬದಿಯ ಏಣಿ ಹತ್ತಿ ಕಪ್ಪನ್ನು ಕೆಳಗೆ ಜಾರಿಸಿದರು. ಹಾಗೆ ಜಾರಿಸಿದ್ದೇ ಸಾಕು. ಯಾರೂ ಎಳೆಯಲಿಲ್ಲ, ಮುಟ್ಟಲಿಲ್ಲ. ಮೇಲಿಂದ, ಗಂಟಲಿನಲ್ಲಿ ಏನೋ ಸಿಕ್ಕಿ ಕೆಮ್ಮಿದ ಹಾಗೆ ಒಂದು ಸಣ್ಣ ಸದ್ದು, ಹುಕ್ಕು ತಾನಾಗಿ ಹೊರಬಂತು. ದೀಪ ಹಾಸಿಗೆಯೊಳಗೆ ಕೂತಿತು. ಅದರ ಎಲ್ಲ ಹನಿಗಳೂ ಒಟ್ಟಿಗೆ ಒಂದು ಸಲ ಝಣ್ ಎಂದವು. ಮೇಲಿನ ತೂತಿನಿಂದ ಹಿಟ್ಟು ಜರಡಿ ಹಿಡಿದಂತೆ ಬೂದಿ ಸುರಿಯಿತು. ದಿವಾನ ಮೊದಲು ಇದ್ದ ಜಾಗಕ್ಕೇ.

ಬಿಚ್ಚಿ ನೋಡಿದಾಗ ಎಲ್ಲ ತಿಳಿಯಿತು. ಸ್ಲ್ಯಾಬ್ ಹಾಕುವಾಗ ಅಲ್ಲಿ ಒಂದು ಬಲ್ಬಿಗೆಂದು ಪ್ಲಾಸ್ಟಿಕ್ ಬಾಕ್ಸ್ ಮಾತ್ರ ಬಿಟ್ಟಿದ್ದರು, ಕಬ್ಬಿಣದ ಹುಕ್ಕು ಬಿಟ್ಟಿರಲಿಲ್ಲ. ಮಳೆಗಾಲದಲ್ಲಿ ದೀಪ ಹಾಕಿದವನು ಬಾಕ್ಸಿನ ಪಕ್ಕ ಕಾಂಕ್ರೀಟಿಗೆ ತೂತು ಕೊರೆದು, ಮರದ ಬೆಣೆ ಹೊಡೆದು, ಅದಕ್ಕೆ ತಿರುಪಿನ ಹುಕ್ಕು ತಿರುಗಿಸಿ, ದೀಪದ ಪೈಪನ್ನು ಹುಕ್ಕಿಗೆ ಬಿಗಿಯಾಗಿ ಬೋಲ್ಟ್ ಮಾಡಿಬಿಟ್ಟಿದ್ದ. ಹಳೇ ಕಾಲದಲ್ಲಿ ಗೋಡೆಗೆ ಸ್ವಿಚ್ ಬೋರ್ಡ್ ಕೂರಿಸುತ್ತಿದ್ದ ಕ್ರಮ ಅದು, ಭಾರಕ್ಕಲ್ಲ. ತೇವಕ್ಕೆ ಉಬ್ಬಿ ಬಿಗಿಯಾಗಿದ್ದ ಬೆಣೆ ಬಿಸಿಲು ಬಂದ ಮೇಲೆ ಕುಗ್ಗಿತು. ಅಲಮಾರಿನ ಮೇಲಿನ ಫ್ಯಾನು ದೀಪದ ಒಂದು ಬದಿಯ ಕೈಗಳಿಗೇ ಗಾಳಿ ಹೊಡೆಯುತ್ತಿತ್ತು. ಗಾಳಿ ತಳ್ಳಿದಂತೆ ದೀಪ, ದೀಪದ ಜೊತೆ ಹುಕ್ಕು, ಕೂದಲೆಳೆಯಷ್ಟು ಕೂದಲೆಳೆಯಷ್ಟು ಬಿಚ್ಚುತ್ತ ಬಂದಿತ್ತು; ಬೆಣೆ ಉಜ್ಜಿದಂತೆ ಸುತ್ತಲ ಸಿಮೆಂಟು ಪುಡಿಯಾಗಿ ಉದುರುತ್ತಿತ್ತು. ಒಳಗಿನ ವೈರು ಹಗ್ಗದ ಹುರಿಯಂತೆ ಸುತ್ತಿಕೊಂಡಿತ್ತು. ಭಾರಕ್ಕೆ ಎಳೆದು ಎಳೆದು ಪ್ಲಾಸ್ಟಿಕ್ ಬಾಕ್ಸಿನ ಅಂಚು ಸೀಳಿತ್ತು. ಭೂಮಿಗೆ ಹೋಗಬೇಕಾದ ಹಸಿರು ವೈರನ್ನು ಕತ್ತರಿಸಿ ಹಾಗೇ ಬಿಟ್ಟಿದ್ದ, ಅಷ್ಟು ಹಿತ್ತಾಳೆಯ ಮೈಗೆ ಅರ್ಥಿಂಗೇ ಇರಲಿಲ್ಲ.

"ಕೆಳಗಿಂದ ನೋಡಿದ್ರೆ ಅಪ್ರದಕ್ಷಿಣೆ, ಮೇಲಿಂದ ನೋಡಿದ್ರೆ ಪ್ರದಕ್ಷಿಣೆ" ಎಂದರು ನಮ್ಮನೆಯವರು ಮಗನಿಗೆ ಹುಕ್ಕು ತೋರಿಸುತ್ತ, ಕೊಂಚ ಹಗುರಾಗಲೆಂದು. "ಸ್ಕ್ರೂಗೆ ಮಾತ್ರ ಎಲ್ಲಿಂದ ನೋಡಿದ್ರೂ ಬಿಚ್ಚುವ ಲೆಕ್ಕವೇ."

ಅತ್ತೆ ಬೆಣೆಯನ್ನು ಕೈಗೆ ತೆಗೆದುಕೊಂಡರು. ಬೆಳಕಿಗೆ ಹಿಡಿದು ಅದರ ನಾರು ನೋಡಿದರು. ಆಮೇಲೆ ಹೆಬ್ಬೆರಳು ತೋರುಬೆರಳು ಸೇರಿಸಿ ಅದರ ಮೇಲಿದ್ದ ಪುಡಿಯನ್ನು ಉಜ್ಜಿದರು. ಉಜ್ಜುತ್ತಲೇ ಇದ್ದರು. ನಾನು ಹೇಳದೆ ಬಿಟ್ಟ ಮಾತು ಅವರ ಬೆರಳಿಗೆ ತಾನಾಗಿ ತಿಳಿಯಿತು. ಭರಣಿಯನ್ನು ಸೆರಗಿನೊಳಗೆ ಮರೆಮಾಡಿ ಹಿತ್ತಲಿಗೆ ಹೋದರು. ತಿರುಗಿ ಬಂದಾಗ ಅದು ತೊಳೆದು ಬೋರಲು ಹಾಕಿದ ಪಾತ್ರೆಗಳ ನಡುವೆ ಇತ್ತು. ಸೊಸೆಯ ಹತ್ತಿರ ಹೋಗಿ, ಹಣೆಯ ಮೇಲೆ ಬೆಳಗಿನ ಗುರುತು ಇನ್ನೂ ಇದ್ದದ್ದನ್ನು ಒದ್ದೆ ಸೆರಗಿನಿಂದ ಒರೆಸಿದರು. ಹುಡುಗಿ ಮುಖ ಎತ್ತಿ ಕೊಟ್ಟಳು.

ಮಗ ದೀಪವನ್ನೇ ಮಾರಿಬಿಡುತ್ತೇನೆ ಎಂದ. ಹುಡುಗಿ ಬೇಡ ಎಂದಳು. "ಅದು ಇಲ್ಲಿಂದ ಹೋದ್ರೆ ಬೇರೆ ಯಾರದೋ ತಲೆ ಮೇಲೆ ತೂಗ್ತದೆ. ಸರಿ ಮಾಡಿ ಹಾಕಿ. ನಾನು ನೋಡ್ಬೇಕು."

ನಾವು ಮರುದಿನ ಸಾಮಾನು ಕಟ್ಟಿಕೊಂಡು ಬಂದೆವು. ಭಾರ ಹುಕ್ಕಿಗೆ, ಕರೆಂಟು ಬಾಕ್ಸಿಗೆ, ಒಂದರ ಕೆಲಸ ಇನ್ನೊಂದು ಮಾಡಬಾರದು ಎನ್ನುವುದು ನಮ್ಮನೆಯವರ ಮಂತ್ರ. ಹಳೇ ತೂತನ್ನು ಬಿಟ್ಟು, ಗಟ್ಟಿ ಜಾಗ ನೋಡಿ ಕೆಳಗಿನಿಂದ ಡ್ರಿಲ್ ಹಿಡಿದರು. ಒಂದು ಕಡೆ ಕಾಂಕ್ರೀಟಿನೊಳಗಿನ ಕಂಬಿ ತಾಗಿತು, ಕಂಬಿ ಕಡಿಯಬಾರದೆಂದು ಪಕ್ಕಕ್ಕೆ ಸರಿದು ಕೊರೆದರು. ಈ ಸಲ ಅರ್ಧಕ್ಕೆ ನಿಲ್ಲಿಸಲಿಲ್ಲ, ಸ್ಲ್ಯಾಬಿನ ಆಚೆಗೇ ತೂತು. ಹಾಲಿನ ನೆತ್ತಿಗೆ ಮಹಡಿಯ ಕೋಣೆಯಿಲ್ಲ, ಬರೀ ತಾರಸಿ; ನಾನು ಅಲ್ಲಿ ಕೂತಿದ್ದೆ. ಮೇಲೆ ಶೀಟು ಹೊದಿಸಿದ್ದರಿಂದ ಅಲ್ಲಿ ನೀರಿನ ಭಯವಿರಲಿಲ್ಲ. ಒಣ ಹಾಕಿದ ಹಪ್ಪಳ, ಹಳೇ ಕುರ್ಚಿಗಳ ನಡುವೆ, ನನ್ನ ಪಾದದ ಹತ್ತಿರ ಸಿಮೆಂಟು ಒಡೆದು ಡ್ರಿಲ್ಲಿನ ಮೊನೆ ಎದ್ದಿತು. ಅದು ಹಿಂದೆ ಸರಿದ ಮೇಲೆ ತೂತಿನಿಂದ ಹಾಲಿನ ಬೆಳಕು ಬಂತು. ಬಗ್ಗಿ ನೋಡಿದೆ. ಕೆಳಗೆ, ದೂರದ ಗೋಡೆಗೆ ಸರಿಸಿದ್ದ ದಿವಾನದ ಒಂದು ತುದಿ ಮಾತ್ರ ಕಂಡಿತು. ಅದರಾಚೆ ಹುಡುಗಿಯ ಕಣ್ಣು. ಅವಳು ನೇರ ಆ ತೂತನ್ನೇ ನೋಡುತ್ತಿದ್ದಳು.

ಮೇಲೆ ಅಂಗೈ ಅಗಲದ ದಪ್ಪ ಕಬ್ಬಿಣದ ಪ್ಲೇಟು ಕೂರಿಸಿ, ಕೆಳಗೆ ಕಣ್ಣಿರುವ ಬೋಲ್ಟನ್ನು ಅದರ ಮೂಲಕ ಎಳೆದು, ಎರಡು ನಟ್ಟು ಒಂದರ ಮೇಲೊಂದು ಬಿಗಿದೆ. ಇನ್ನು ಆ ಬೋಲ್ಟು ಕೆಳಗೆ ಬರಬೇಕಾದರೆ ಪ್ಲೇಟು ಸ್ಲ್ಯಾಬನ್ನು ಸೀಳಿಕೊಂಡು ಬರಬೇಕು. ಒಡೆದ ಪ್ಲಾಸ್ಟಿಕ್ ಬಾಕ್ಸನ್ನು ಕಿತ್ತು, ಆ ಜಾಗಕ್ಕೆ ಕಬ್ಬಿಣದ ಜಂಕ್ಷನ್ ಬಾಕ್ಸ್ ಇಟ್ಟು, ಅದಕ್ಕೇ ಬೇರೆ ಎರಡು ಆ್ಯಂಕರ್ ಬೋಲ್ಟು ಹೊಡೆದು ಸ್ಲ್ಯಾಬಿಗೆ ಬಿಗಿದರು. ಅದು ವೈರುಗಳ ಜೋಡಣೆಯನ್ನು ಹಿಡಿದುಕೊಂಡು ಸುಮ್ಮನೆ ಇರಬೇಕು, ಅಷ್ಟೇ. ಹಸಿರು ವೈರನ್ನು ಬಾಕ್ಸಿಗೂ, ದೀಪದ ಮೈಗೂ ಸೇರಿಸಲು ಬಿಟ್ಟರು.

ದೀಪವನ್ನು ಅವತ್ತು ಏರಿಸಲಿಲ್ಲ. ಮೊದಲು ದೀಪಕ್ಕಿಂತ ಮೂರು ಪಟ್ಟು ಭಾರ ತೂಗಿಸಿ ಒಂದು ರಾತ್ರಿ ಬಿಡಬೇಕು ಎಂದರು. ಅಕ್ಕಿಯ ಮೂಟೆಗಳನ್ನು ಬಿಳಿಯ ದೊಡ್ಡ ಚೀಲವೊಂದರಲ್ಲಿ ಸೇರಿಸಿ ಕಟ್ಟಿ, ನೆಲದಿಂದ ಒಂದು ಗೇಣು ಮೇಲೆ ನಿಲ್ಲುವಂತೆ ತೂಗಿಸಿದೆವು. ಬಿದ್ದರೂ ಗೇಣೇ ಬೀಳಬೇಕು. ಕೆಲಸದ ದೃಷ್ಟಿಯಿಂದ ಅದು ಸರಿ. ಆದರೆ ಸಂಜೆ ದೇವರಿಗೆ ದೀಪ ಹಚ್ಚುವ ಹೊತ್ತಿಗೆ, ಹಾಲಿನ ನಡುವೆ ಆಳೆತ್ತರದ ಬಿಳೀ ಚೀಲ, ಕುತ್ತಿಗೆಗೆ ಹಗ್ಗ ಬಿಗಿದುಕೊಂಡು, ಮೆಲ್ಲಗೆ ನಮ್ಮ ಕಡೆ ತಿರುಗಿತು. ಹೊಸ ಹಗ್ಗ ಭಾರ ಬಿದ್ದಾಗ ಹುರಿ ಬಿಚ್ಚಿಕೊಳ್ಳುವುದು ಸಹಜ. ನನಗೆ ಗೊತ್ತಿರುವ ಮಾತೇ. ಆದರೂ ನಾನು ಅದಕ್ಕೆ ಬೆನ್ನು ಹಾಕಿ ಹೊರಬರಲಾರದೆ ಗೋಡೆಯ ಬದಿಯಿಂದ ಬಾಗಿಲಿಗೆ ಬಂದೆ.

"ಇದು ಎಂತ ಮಾರಾಯ್ರೆ, ಮನೆ ಒಳಗೆ" ಎಂದರು ಅತ್ತೆ.

"ಅಕ್ಕಿ ಅಮ್ಮ, ನಿಮ್ಮನೆ ಅಕ್ಕಿ" ಎಂದರು ನಮ್ಮನೆಯವರು. ಅವರ ದನಿಯೂ ಎಂದಿನಂತಿರಲಿಲ್ಲ.

ಮರುದಿನ ಬಂದಾಗ ಚೀಲದ ತಳ ಮತ್ತು ನೆಲದ ನಡುವೆ ಅದೇ ಗೇಣು ಇತ್ತು. ಮೇಲಿನ ನಟ್ಟು ಅಲುಗಿರಲಿಲ್ಲ, ಬೋಲ್ಟಿನ ಸುತ್ತ ಒಂದು ಬಿರುಕೂ ಇಲ್ಲ, ನೆಲದ ಮೇಲೆ ಒಂದು ಚಿಟಿಕೆ ಪುಡಿಯೂ ಇಲ್ಲ. ಹನಿಗಳನ್ನು ಬಿಚ್ಚಿ ಹಗುರ ಮಾಡಿದ ದೀಪವನ್ನು ರಾಟೆ ಹಾಕಿ ಮಗ ಎಳೆದ. ನಮ್ಮನೆಯವರು ಬದಿಯಲ್ಲಿ ಕಟ್ಟಿದ ಅಟ್ಟಣಿಗೆಯ ಮೇಲೆ ನಿಂತು ಪೈಪಿನ ತಲೆಯನ್ನು ಬೋಲ್ಟಿನ ಕಣ್ಣಿಗೆ ದಪ್ಪ ಕೊಂಡಿಯಿಂದ ಸೇರಿಸಿ, ಕೊಂಡಿಯ ಪಿನ್ನು ಬಿಚ್ಚದಂತೆ ತಂತಿ ಸುತ್ತಿದರು. ಕೊಂಡಿ ತಪ್ಪಿದರೂ ಹಿಡಿಯಲೆಂದು ಪೈಪಿಗೂ ಬೋಲ್ಟಿನ ಕಣ್ಣಿಗೂ ಸ್ಟೀಲಿನ ಸಣ್ಣ ಹಗ್ಗವೊಂದು ಬೇರೆ. ವೈರಿಗೆ ಒಂದಿಷ್ಟು ಸಡಿಲ ಬಿಟ್ಟು ಬಾಕ್ಸಿನಲ್ಲಿ ಜೋಡಿಸಿ, ಮುಚ್ಚಳ ಹಾಕಿ, ಕಪ್ಪನ್ನು ಸೀಲಿಂಗಿಗೆ ಒತ್ತಿ ಕೂರಿಸಿದರು. ಈಗ ಸಂದಿಯಿಲ್ಲ. ನಾನು ಹನಿಗಳನ್ನು ಒಂದೊಂದಾಗಿ ಒರೆಸಿ ಕೊಟ್ಟೆ. ಮೇನ್ ಹಾಕಿದಾಗ ಹಾಲು ತುಂಬ ಬೆಳಕು.

"ಮುಗೀತು ಕೂಸೇ. ಇನ್ನು ತಿರುಗುದಿಲ್ಲ. ಧೈರ್ಯವಾಗಿ ಮಲಗು" ಎಂದರು ನಮ್ಮನೆಯವರು.

ಹುಡುಗಿ ತಲೆಯಾಡಿಸಿದಳು. ಮಗ ದಿವಾನವನ್ನು ಹಳೇ ಜಾಗಕ್ಕೆ ತಂದಿಟ್ಟ. ಅವಳು ಎದ್ದು, ಗೋಡೆ ಹಿಡಿದು ಬಂದು, ದಿವಾನದ ಹತ್ತಿರ ನಿಂತಳು. ಕೂರಲಿಲ್ಲ. ನಾನು ಹೋಗಿ ಹಿಡಿದುಕೊಳ್ಳಬೇಕು ಅನ್ನುವಷ್ಟರಲ್ಲಿ ಅತ್ತೆ ಅಡುಗೆಮನೆಯಿಂದ ಬಂದರು. ಕೈ ಒರೆಸಿಕೊಂಡು, ಸೊಸೆಯನ್ನು ಬದಿಗೆ ಸರಿಸಿ, ಎಲ್ಲರ ಎದುರಿಗೇ ತಾವು ದಿವಾನದ ಮೇಲೆ ಅಂಗಾತ ಮಲಗಿದರು. ಸೀರೆ ಸರಿಮಾಡಿಕೊಂಡು, ಕೈಗಳನ್ನು ಎದೆಯ ಮೇಲಿಟ್ಟುಕೊಂಡು, ಮೇಲೆ ನೋಡಿದರು. ಆ ಮನೆಯಲ್ಲಿ ಅವರು ಹಾಗೆ ಮಲಗಿ ಅದನ್ನು ನೋಡಿದ್ದು ಅದೇ ಮೊದಲಿರಬೇಕು.

ಮಗ "ಅಮ್ಮ, ಎಂತ ಇದು" ಎಂದ. ಅವರು ಕೈ ಎತ್ತಿ ಸುಮ್ಮನಿರಿಸಿದರು. ಬಹಳ ಹೊತ್ತಾಯಿತು. ಒಮ್ಮೆ ಕಣ್ಣು ಮುಚ್ಚಿದರು, ಥಟ್ಟನೆ ತೆರೆದರು.

"ತಿರುಗುದಿಲ್ಲ" ಎಂದರು ಕೊನೆಗೆ. "ಆದ್ರೆ ಕಣ್ಣು ಮುಚ್ಚಿದ ಕೂಡ್ಲೇ ಹತ್ರ ಬರ್ತದೆ."

ಹುಡುಗಿ ಅವರ ಕಾಲಿನ ಹತ್ತಿರ ಕೂತುಬಿಟ್ಟಳು. "ಹೌದಲ್ಲ ಅತ್ತೆ? ಮುಖದ ಹತ್ರ?"

"ಇಲ್ಲಿ ತನಕ" ಎಂದು ಅತ್ತೆ ತಮ್ಮ ಗದ್ದದ ಮೇಲೆ ಕೈಯಿಟ್ಟರು. "ಇದನ್ನ ಯಾಕೆ ಹೇಳ್ಲಿಲ್ಲ ಕೂಸೇ?"

"ತಿರುಗ್ತದೆ ಅಂದದ್ದನ್ನೇ ಯಾರೂ ನಂಬ್ಲಿಲ್ಲ."

ನಮ್ಮನೆಯವರು ನನ್ನ ಕಡೆ ನೋಡಿದರು. ಸ್ಪ್ಯಾನರನ್ನು ಬಟ್ಟೆಯಲ್ಲಿ ಒರೆಸುತ್ತ ನಿಂತರು. ಬೋಲ್ಟು ಗಟ್ಟಿಯಿದೆ. ಬಾಕ್ಸು ಗಟ್ಟಿಯಿದೆ. ಅದು ಹತ್ತಿರ ಬರಲಾರದು. ಅದನ್ನು ನಾನೇ ಎರಡು ನಟ್ಟು ಹಾಕಿ ಬಿಗಿದಿದ್ದೇನೆ.

ಅತ್ತೆ ಎದ್ದು ಕೂತರು. ಸೊಸೆಯ ದಿಂಬು, ಹೊದಿಕೆ ಮಡಚಿ ಮಗನ ಕೈಗೆ ಕೊಟ್ಟರು. "ನನ್ನ ಕೋಣೆಲಿ ಹಾಕು. ಇವಳು ಇನ್ನು ಅಲ್ಲೇ ಮಲಗ್ಲಿ. ಸಣ್ಣದಾದ್ರೆ ಆಯ್ತು."

"ನೀನು ಎಲ್ಲಿ ಮಲಗ್ತಿ?"

"ಇಲ್ಲೇ" ಎಂದರು. ತಮ್ಮ ದಿಂಬನ್ನು ತಂದು ದಿವಾನದ ತಲೆಗೆ ಇಟ್ಟರು, ಬಡಿದು ಸರಿಮಾಡಿದರು, ಮತ್ತೆ ಅಂಗಾತ ಮಲಗಿದರು. ಹುಡುಗಿ ಕೋಣೆಯ ಬಾಗಿಲಿನಿಂದ ಒಮ್ಮೆ ತಿರುಗಿ ನೋಡಿದಳು. ಅತ್ತೆ ಅವಳ ಕಡೆ ನೋಡದೆ, ಹೋಗು ಎಂದು ಕೈಯಾಡಿಸಿದರು.

ನಾವು ಏಣಿ ಹೊತ್ತು ಅವರ ಪಕ್ಕದಿಂದಲೇ ಹಾದು ಹೊರಟೆವು. ಅವರು ಕಣ್ಣು ಮಿಟುಕಿಸದೆ ಮೇಲೆ ನೋಡುತ್ತಿದ್ದರು.

"ಬರ್ತೇವೆ ಅಮ್ಮ" ಎಂದೆ.

"ಹ್ಞಾಂ, ಹೋಗಿ ಬನ್ನಿ" ಎಂದರು. "ನಾನು ನೋಡ್ತಾ ಇರ್ತೆ."